ತೂತು ದೊಡ್ಡದು, ಪಿನ್ ಸಣ್ಣದು: ಅಜ್ಜನ ಹಳೆ ಚಾರ್ಜರ್ ಹೊಸ ಫೋನಿಗೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಅಜ್ಜನಿಗೆ ಹೊಸ ಫೋನ್ ತೆಗೆದುಕೊಟ್ಟೆವು. ಬಾಕ್ಸಿನಲ್ಲಿ ವಯರ್ ಮಾತ್ರ ಇತ್ತು, ಚಾರ್ಜರ್ ಇರಲಿಲ್ಲ. ಅಜ್ಜ ಹಳೆ ಫೋನಿನ ಚಾರ್ಜರನ್ನೇ ಚುಚ್ಚಲು ನೋಡುತ್ತಾರೆ. "ತೂತು ದೊಡ್ಡದುಂಟು, ಪಿನ್ ಸಣ್ಣದು, ಮತ್ತೆ ಯಾಕೆ ಹೋಗುದಿಲ್ಲ?" ಅಂತ ಕೇಳಿದರೆ ನನಗೆ ಹೇಳಲು ಗೊತ್ತಾಗುವುದಿಲ್ಲ. ಹೊಸ ವಯರೂ ಹಳೆ ಚಾರ್ಜರಿಗೆ ಸೇರುವುದಿಲ್ಲ. ಹೊಸ ಚಾರ್ಜರ್ ತೆಗೆಯಲೇಬೇಕಾ? ಅಜ್ಜನಿಗೆ ಹೇಗೆ ವಿವರಿಸಲಿ?
— ಓದುಗರು, ಕಾಪು, ಉಡುಪಿ ಜಿಲ್ಲೆ

ಉತ್ತರ: ಅಜ್ಜನ ಕಣ್ಣಳತೆ ಸರಿಯಾಗಿಯೇ ಇದೆ. ಅವರ ಹಳೆ ಪಿನ್ ಮೈಕ್ರೋ ಯುಎಸ್‌ಬಿ. ಅದರ ಲೋಹದ ತಲೆ ಸುಮಾರು 6.85 ಮಿ.ಮೀ. ಅಗಲ, 1.8 ಮಿ.ಮೀ. ದಪ್ಪ. ಹೊಸ ಫೋನಿನದು ಟೈಪ್-ಸಿ. ಅದರ ಬಾಯಿ ಸುಮಾರು 8.3 ಮಿ.ಮೀ. ಅಗಲ, 2.5 ಮಿ.ಮೀ.ಗಿಂತ ತುಸು ಹೆಚ್ಚು ಎತ್ತರ. ಬರೀ ಹೊರಗಿನ ಅಳತೆ ನೋಡಿದರೆ ಹಳೆ ಪಿನ್ ಆ ಬಾಯೊಳಗೆ ಸಲೀಸಾಗಿ ಹೋಗಬೇಕು. ಹೋಗದಿರುವುದಕ್ಕೆ ಕಾರಣ ತೂತಿನ ಒಳಗಿದೆ. ಅದನ್ನು ಬಾಯಲ್ಲಿ ಹೇಳುವ ಬದಲು ತೋರಿಸಿಬಿಡಿ. ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಂದು ಫೋನಿನ ಟಾರ್ಚನ್ನು ಸ್ವಲ್ಪ ಓರೆಯಾಗಿ ತೂತಿಗೆ ಬಿಡಿ. ಓದುವ ಕನ್ನಡಕ ಹಾಕಿಕೊಂಡರೆ ಅಜ್ಜನಿಗೂ ಕಾಣುತ್ತದೆ.

"ನಡುವಲ್ಲಿ ಎಂತ ಕಾಣ್ತದೆ ಅಜ್ಜ?"

"ಒಂದು ತೆಳು ತಗಡಿನ ಹಾಗೆ ಉಂಟು."

"ಅದು ತಗಡಲ್ಲ, ನಾಲಿಗೆ ಅಂತ ಹೇಳುದು. ಅದರ ಮೇಲೆ ಹನ್ನೆರಡು, ಅಡಿಯಲ್ಲಿ ಹನ್ನೆರಡು ಚಿನ್ನದ ಬಣ್ಣದ ಗೆರೆ ಉಂಟು. ಕರೆಂಟು ಬರುದು ಆ ಗೆರೆಗಳಿಂದ. ಈಗ ಹೊಸ ವಯರಿನ ಪಿನ್ ನೋಡಿ, ಒಳಗೆ ಪೂರಾ ಖಾಲಿ. ನಾಲಿಗೆ ಅದರ ಹೊಟ್ಟೆಯೊಳಗೆ ಹೋಗಿ ಕೂತ್ಕೊಳ್ತದೆ. ನಿಮ್ಮ ಹಳೆ ಪಿನ್ನಿನ ಹೊಟ್ಟೆಯಲ್ಲಿ ಇಷ್ಟು ಅಗಲದ ನಾಲಿಗೆಗೆ ಜಾಗ ಇಲ್ಲ."

"ಹಾಗಾದ್ರೆ ಸ್ವಲ್ಪ ಒತ್ತಿ ನೂಕಿದ್ರೆ?"

ಇಲ್ಲಿ ಮಾತ್ರ ಖಡಾಖಂಡಿತವಾಗಿ ಬೇಡ ಎನ್ನಬೇಕು. ಆ ನಾಲಿಗೆಯ ದಪ್ಪ ಸುಮಾರು 0.7 ಮಿ.ಮೀ. ಅಷ್ಟೇ. ಹಳೆ ಪಿನ್ ಒಂದೆರಡು ಮಿಲಿಮೀಟರ್ ಒಳಗೆ ಹೋದಂತಾಗಿ ನಿಲ್ಲುತ್ತದೆ, ನಿಂತಲ್ಲಿ ಅದರ ಅಂಚು ಆ ನಾಲಿಗೆಗೇ ತಾಗಿರುತ್ತದೆ. ಅಲ್ಲಿಂದ ಮುಂದೆ ನೂಕಿದರೆ ನಾಲಿಗೆ ಒಂದು ಬದಿಗೆ ಬಾಗುತ್ತದೆ ಅಥವಾ ಬುಡದಲ್ಲಿ ಸೀಳುತ್ತದೆ. ಬಾಗಿದ ನಾಲಿಗೆಯ ಮೇಲೆ ಆಮೇಲೆ ಸರಿಯಾದ ಪಿನ್ ಹಾಕಿದರೂ ಅಕ್ಕಪಕ್ಕದ ಗೆರೆಗಳು ಒಂದಕ್ಕೊಂದು ತಾಗುವ ಅಪಾಯ ಇರುತ್ತದೆ. ಅದನ್ನು ಸೂಜಿಯಿಂದ ನೆಟ್ಟಗೆ ಮಾಡಲು ಹೋಗಬೇಡಿ. ಆ ಇಡೀ ಜ್ಯಾಕನ್ನೇ ಬದಲಿಸಬೇಕಾಗುತ್ತದೆ. ಕೆಲವು ಫೋನ್‌ಗಳಲ್ಲಿ ಜ್ಯಾಕ್ ಒಂದು ಸಣ್ಣ ಬೇರೆ ಬೋರ್ಡಿನ ಮೇಲಿರುತ್ತದೆ, ಆಗ ಖರ್ಚು ಕಡಿಮೆ. ಮುಖ್ಯ ಬೋರ್ಡಿಗೇ ಬೆಸುಗೆ ಹಾಕಿದ್ದರೆ ರಿಪೇರಿಯವರ ಕೈಚಳಕದ ಮೇಲೆ ಎಲ್ಲ ನಿಂತಿದೆ. ಈಗಾಗಲೇ ಅಜ್ಜ ಒಂದೆರಡು ಸಲ ಒತ್ತಿ ನೋಡಿದ್ದರೆ, ಹೊಸ ವಯರನ್ನು ಹಾಕುವ ಮೊದಲು ಟಾರ್ಚ್ ಬಿಟ್ಟು ನಾಲಿಗೆ ತೂತಿನ ಸರಿ ನಡುವೆ ಇದೆಯೇ ಅಂತ ನೋಡಿಕೊಳ್ಳಿ.

ಅಜ್ಜನ ಮುಂದಿನ ಪ್ರಶ್ನೆ ಬಹುಶಃ "ಇವರಿಗೆ ಇದ್ದದ್ದನ್ನು ಹಾಗೇ ಬಿಟ್ಟಿದ್ರೆ ಎಂತ ಆಗ್ತಿತ್ತು?" ಎಂದಿರುತ್ತದೆ. ಹೊಸ ಚಾರ್ಜರ್ ಮಾರುವ ಉಪಾಯ ಎಂಬ ಸಂಶಯ ಇದರಲ್ಲಿ ಅಡಗಿದೆ, ಸಂಶಯ ಪೂರ್ತಿ ಸುಳ್ಳೂ ಅಲ್ಲ. ಫೋನ್ ಕಂಪನಿಗಳು ಒಂದೊಂದೂ ತನ್ನದೇ ಪಿನ್ ಇಟ್ಟುಕೊಂಡ ಕಾಲ ಇತ್ತು. ನೋಕಿಯಾದ ಸಣ್ಣ ದುಂಡು ಪಿನ್ ಅಜ್ಜನಿಗೂ ನೆನಪಿರಬಹುದು. ಆ ಗಲಾಟೆಯನ್ನು ಕಡಿಮೆ ಮಾಡಲಿಕ್ಕೆಂದೇ 2007ರಲ್ಲಿ ಬಂದ ಮೈಕ್ರೋ ಯುಎಸ್‌ಬಿಯನ್ನು ಸಮಾನ ಪಿನ್ನಾಗಿ ಇಟ್ಟುಕೊಳ್ಳೋಣ ಅಂತ 2009ರಲ್ಲಿ ಯುರೋಪಿನಲ್ಲಿ ದೊಡ್ಡ ಕಂಪನಿಗಳು ಒಪ್ಪಂದಕ್ಕೆ ಬಂದವು. ಮುಂದಿನ ಹತ್ತು ವರ್ಷ ನಮ್ಮಲ್ಲೂ ಅದೇ ನಡೆಯಿತು. ಅದರ ಕಷ್ಟಗಳು ಬಳಸಿದವರಿಗೆಲ್ಲ ಗೊತ್ತು. ಒಂದೇ ದಿಕ್ಕಿನಲ್ಲಿ ಹೋಗುತ್ತದೆ, ಕತ್ತಲಲ್ಲಿ ಉಲ್ಟಾ ಒತ್ತಿ ಜ್ಯಾಕ್ ಕೆಡಿಸಿಕೊಂಡವರು ಎಷ್ಟೋ ಮಂದಿ. ಹಿಡಿದಿಡುವುದು ಪಿನ್ನಿನ ಒಂದು ಬದಿಯಲ್ಲಿರುವ ಎರಡು ಪುಟ್ಟ ಕೊಕ್ಕೆಗಳು, ಅವು ಸವೆದರೆ ಚಾರ್ಜಾಗಲು ವಯರನ್ನು ಓರೆ ಮಾಡಿ ಹಿಡಿಯಬೇಕು. ಒಳಗಿರುವುದು ಐದೇ ಸಂಪರ್ಕ, ಅದರಲ್ಲಿ ಕರೆಂಟು ಬರಲು ಒಂದು, ಹಿಂದಿರುಗಲು ಒಂದು. ಹಾಗಾಗಿ ಎರಡು ಆಂಪಿಯರ್ ಆಸುಪಾಸಿಗೆ ಅದರ ಶಕ್ತಿ ಮುಗಿಯಿತು.

2014ರ ಆಗಸ್ಟಿನಲ್ಲಿ ಬಂದ ಟೈಪ್-ಸಿಯಲ್ಲಿ ಕರೆಂಟು ಬರುವುದಕ್ಕೇ ನಾಲ್ಕು ಸಂಪರ್ಕ, ಹಿಂದಿರುಗಲು ನಾಲ್ಕು. ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಹೊಂದುವಂತೆ ಜೋಡಿಸಿರುವುದರಿಂದ ಯಾವ ಕಡೆಯಿಂದ ಹಾಕಿದರೂ ನಡೆಯುತ್ತದೆ. ಸಾದಾ ವಯರಿನಲ್ಲೇ 3 ಆಂಪಿಯರ್ ತನಕ ಹೋಗುತ್ತದೆ. ಕಣ್ಣು ಮಂಜಾದವರಿಗೆ, ಕೈ ಸ್ವಲ್ಪ ನಡುಗುವವರಿಗೆ ಇದಕ್ಕಿಂತ ಒಳ್ಳೆಯ ಪಿನ್ ಫೋನಿನಲ್ಲಿ ಈವರೆಗೆ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಜ್ಜನಿಗೆ ಸಮಾಧಾನ ಆಗುವ ಮಾತು ಇನ್ನೊಂದಿದೆ. ಈ ಪಿನ್ ಬೇಗ ಬದಲಾಗುವ ಲಕ್ಷಣ ಇಲ್ಲ. 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಮಾರುವ ಹೊಸ ಫೋನ್‌ಗಳಿಗೆ ಟೈಪ್-ಸಿ ಕಡ್ಡಾಯ. ತನ್ನದೇ ಪಿನ್ನಿಗೆ ಅಂಟಿಕೊಂಡಿದ್ದ ಐಫೋನ್ ಕೂಡ 2023ರಲ್ಲಿ ಇದಕ್ಕೇ ಬಂತು. ನಮ್ಮ ದೇಶದ ಮಾನಕ ಸಂಸ್ಥೆ ಬಿಐಎಸ್ ಕೂಡ 2023ರ ಜನವರಿಯಲ್ಲಿ ಟೈಪ್-ಸಿಯ ಭಾರತೀಯ ಮಾನಕವನ್ನು ಪ್ರಕಟಿಸಿದೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. "ಚಾರ್ಜರ್" ಎಂದು ನಾವು ಕರೆಯುವುದು ಎರಡು ವಸ್ತು. ಸ್ವಿಚ್ ಬೋರ್ಡಿಗೆ ಚುಚ್ಚುವ ಅಡಾಪ್ಟರ್ ಒಂದು, ವಯರ್ ಇನ್ನೊಂದು. ಅಜ್ಜನ ಅಡಾಪ್ಟರಿನಿಂದ ವಯರ್ ಬಿಚ್ಚಿ ಬರುತ್ತದೆಯೇ ಎಂದು ನೋಡಿ. ಎಲ್ಲ ತೀರ್ಮಾನವೂ ಅದರ ಮೇಲೆ ನಿಂತಿದೆ.

ಬಿಚ್ಚಿ ಬಂದರೆ ಅಡಾಪ್ಟರಿನಲ್ಲಿ ಚಪ್ಪಟೆಯಾದ ಆಯತಾಕಾರದ ದೊಡ್ಡ ತೂತು ಕಾಣುತ್ತದೆ. ಅದು ಯುಎಸ್‌ಬಿ-ಎ, ಪೆನ್‌ಡ್ರೈವ್ ಹಾಕುವಂಥದ್ದೇ. ನಿಮ್ಮ ಬಾಕ್ಸಿನಲ್ಲಿ ಬಂದ ವಯರಿನ ಎರಡೂ ತುದಿ ಟೈಪ್-ಸಿ, ಆದ್ದರಿಂದ ಅದು ಈ ತೂತಿಗೆ ಸೇರುವುದಿಲ್ಲ. ಬೇಕಾಗಿರುವುದು ಒಂದು ತುದಿ ಎ, ಇನ್ನೊಂದು ತುದಿ ಸಿ ಇರುವ ವಯರ್. ಅಂಗಡಿಯಲ್ಲಿ "ಯುಎಸ್‌ಬಿ ಟು ಟೈಪ್-ಸಿ ಕೇಬಲ್, ಒಂದು ಮೀಟರ್" ಎಂದು ಕೇಳಿ. ಬರೀ "ಟೈಪ್-ಸಿ ಕೇಬಲ್" ಎಂದರೆ ಮತ್ತೆ ಎರಡೂ ತುದಿ ಸಿ ಇರುವುದನ್ನೇ ಕೊಟ್ಟಾರು. ಹೆಸರಿರುವ ಕಂಪನಿಯ ಕೇಬಲ್ಲನ್ನೇ ಕೇಳಿ.

ಫುಟ್‌ಪಾತಿನ ಐವತ್ತು ರೂಪಾಯಿಯ ವಯರ್ ಯಾಕೆ ಬೇಡ ಎಂಬುದಕ್ಕೆ ಗಟ್ಟಿ ಕಾರಣ ಇದೆ. ಈ ವಯರಿನ ಸಿ ತುದಿಯ ಒಳಗೆ ರೆಸಿಸ್ಟರ್ ಎಂಬ, ಕರೆಂಟಿಗೆ ತಡೆ ಒಡ್ಡುವ ಒಂದು ಪುಟ್ಟ ಬಿಡಿಭಾಗ ಇರುತ್ತದೆ. ಅದರ ತಡೆಯ ಅಳತೆ 56 ಕಿಲೋ ಓಮ್ ಇರಬೇಕು. ಫೋನ್ ಅದನ್ನು ಅಳೆದು "ಆಚೆ ತುದಿಯಲ್ಲಿ ಹಳೆ ಕಾಲದ ಅಡಾಪ್ಟರ್ ಇದೆ, ಹೆಚ್ಚು ಎಳೆಯಬಾರದು" ಎಂದು ತಿಳಿದುಕೊಳ್ಳುತ್ತದೆ. ಕಳಪೆ ವಯರುಗಳಲ್ಲಿ ಅದರ ಜಾಗದಲ್ಲಿ 10 ಕಿಲೋ ಓಮ್ ಹಾಕಿರುವುದುಂಟು. ಅದರ ಅರ್ಥ "3 ಆಂಪಿಯರ್ ಸಿಗುತ್ತದೆ, ಎಳೆದುಕೋ". ಅಡಾಪ್ಟರ್ ಇರುವುದು 1 ಆಂಪಿಯರಿನದು! 2015ರಲ್ಲಿ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲ್ಯೂಂಗ್ ಮಾರುಕಟ್ಟೆಯ ವಯರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಬರೆದ ಮೇಲೆ ಈ ತಪ್ಪು ಲೋಕಕ್ಕೆಲ್ಲ ಗೊತ್ತಾಯಿತು. ಹೆಚ್ಚಿನ ಫೋನ್‌ಗಳು ವೋಲ್ಟೇಜ್ ಕುಸಿಯುವುದನ್ನು ಕಂಡು ತಾವೇ ಹಿಂದೆ ಸರಿಯುತ್ತವೆ. ಆದರೆ ಹಳೆ ಅಡಾಪ್ಟರಿನ ಮೇಲೆ ಆ ಭಾರ ಹಾಕುವ ಅಗತ್ಯವೇ ಇಲ್ಲ. ವಯರ್ ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ. ತಿಳಿಯುವುದು ನಡತೆಯಿಂದ: ಚಾರ್ಜಿಗೆ ಇಟ್ಟಾಗ ಫೋನ್ ಟಿಣ್ ಎಂದು ಶುರುವಾಗಿ, ನಿಂತು, ಮತ್ತೆ ಟಿಣ್ ಎಂದರೆ ಅಡಾಪ್ಟರ್ ಭಾರ ತಾಳದೆ ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದೆ ಎಂದು ಸಂಶಯ ಪಡಿ. ಮೊದಲ ದಿನ ಇಪ್ಪತ್ತು ನಿಮಿಷ ಬಿಟ್ಟು ಅಡಾಪ್ಟರನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಹತ್ತು ಸೆಕೆಂಡ್ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ತೆಗೆದುಬಿಡಿ.

ವಯರ್ ಬಿಚ್ಚಿ ಬರದ ಚಾರ್ಜರ್ ಆಗಿದ್ದರೆ ಹೊಸ ವಯರ್ ಹಾಕುವ ದಾರಿ ಇಲ್ಲ. ಕತ್ತರಿಸಿ, ಒಳಗಿನ ಎಳೆ ತಿರುಚಿ, ಟೇಪ್ ಸುತ್ತಿ ಟೈಪ್-ಸಿ ತುದಿ ಜೋಡಿಸಿಕೊಡುವ ಪುಣ್ಯಾತ್ಮರಿದ್ದಾರೆ. ಬೇಡ. ಆ ಜೋಡಣೆಯಲ್ಲಿ ಮೇಲೆ ಹೇಳಿದ ರೆಸಿಸ್ಟರ್ ಸರಿಯಾಗಿದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಬದಲಿಗೆ ಮೈಕ್ರೋದಿಂದ ಟೈಪ್-ಸಿಗೆ ಕನ್ವರ್ಟರ್ ಎಂಬ ಬೆರಳ ತುದಿಯಷ್ಟು ದೊಡ್ಡ ತುಂಡು ಸಿಗುತ್ತದೆ. ಹಳೆ ಪಿನ್ ಅದರೊಳಗೆ, ಅದು ಫೋನಿನೊಳಗೆ. ಅಂಗಡಿಯವರು ಓಟಿಜಿ ಕೊಟ್ಟರೆ ವಾಪಸು ಕೊಡಿ, ಅದು ಫೋನಿಗೆ ಪೆನ್‌ಡ್ರೈವ್ ಹಾಕಲು ಇರುವುದು. ಕನ್ವರ್ಟರ್ ಕೆಲಸವೇನೋ ಮಾಡುತ್ತದೆ, ಆದರೆ ಫೋನಿನಿಂದ ಉದ್ದಕ್ಕೆ ಚಾಚಿಕೊಂಡಿರುವುದರಿಂದ ವಯರ್ ಸ್ವಲ್ಪ ತಾಗಿದರೂ ಜ್ಯಾಕಿನ ಮೇಲೆ ಬಲ ಬೀಳುತ್ತದೆ. ನಾಲ್ಕು ದಿನದ ಮಟ್ಟಿಗೆ ಸಾಕು, ಕಾಯಂ ವ್ಯವಸ್ಥೆಗೆ ಬೇಡ. ಇಂಥ ಚಾರ್ಜರ್ ಆದರೆ ಹೊಸದನ್ನು ತೆಗೆಯುವುದೇ ಒಳ್ಳೆಯದು.

ಅಡಾಪ್ಟರಿನಿಂದ ವಯರ್ ಬಿಚ್ಚಿ ಬಂತು, ಹೊಸ ವಯರೂ ತಂದಿರಿ ಎಂದುಕೊಳ್ಳೋಣ. ಈಗ ಅಜ್ಜ ಕೇಳುವ ಮಾತು:

"ಹಳೆ ಚಾರ್ಜರಲ್ಲಿ ಹೊಸ ಫೋನ್ ಫುಲ್ಲಾಗ್ಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ?"

ಅಡಾಪ್ಟರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ "ಔಟ್‌ಪುಟ್" ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಮಾಸಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಆ ಕಾಲದ ಸಾಧಾರಣ ಅಡಾಪ್ಟರಿನಲ್ಲಿ 5 ವೋಲ್ಟ್, 1 ಆಂಪಿಯರ್ ಇರುತ್ತದೆ. ಎರಡನ್ನೂ ಗುಣಿಸಿದರೆ 5 ವಾಟ್. ಈಗಿನ ಫೋನಿನ ಬ್ಯಾಟರಿ ಸಾಮಾನ್ಯವಾಗಿ 5000 ಎಂಎಎಚ್. ಅದು 5 ಆಂಪಿಯರ್-ಗಂಟೆ, ಬ್ಯಾಟರಿಯ ಸರಾಸರಿ ವೋಲ್ಟೇಜ್ 3.85 ಎಂದಿಟ್ಟುಕೊಂಡರೆ ಒಟ್ಟು ಸುಮಾರು 19 ವಾಟ್-ಗಂಟೆ. ಅಡಾಪ್ಟರ್ ಕೊಡುವ 5 ವಾಟಿನಲ್ಲಿ ವಯರಿನಲ್ಲಿ, ಫೋನಿನೊಳಗೆ ಸ್ವಲ್ಪ ಬಿಸಿಯಾಗಿ ಹೋಗಿ ಬ್ಯಾಟರಿಗೆ ಮುಟ್ಟುವುದು ನಾಲ್ಕಕ್ಕಿಂತ ತುಸು ಹೆಚ್ಚು. 19ನ್ನು 4ರಿಂದ ಭಾಗಿಸಿ: ಐದು ಗಂಟೆಯ ಹತ್ತಿರ. ಅಜ್ಜ ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಏಳುವವರಾದರೆ ಹಳೆ ಅಡಾಪ್ಟರ್ ಧಾರಾಳ ಸಾಕು. ನಿಧಾನ ಚಾರ್ಜಿಂಗಿನಿಂದ ಬ್ಯಾಟರಿಗೆ ಯಾವ ಕೇಡೂ ಇಲ್ಲ, ಬಿಸಿ ಕಡಿಮೆ ಆಗುವುದರಿಂದ ಅದಕ್ಕೆ ಒಳ್ಳೆಯದೇ. ಪರದೆಯ ಮೇಲೆ "Charging slowly" ಎಂದು ಬಂದರೆ ಅದು ಎಚ್ಚರಿಕೆ ಅಲ್ಲ, ವಿಷಯ ತಿಳಿಸುವುದಷ್ಟೇ ಎಂದು ಅಜ್ಜನಿಗೆ ಮೊದಲೇ ಹೇಳಿಡಿ.

ಲೆಕ್ಕ ಸರಿಯಾಗಿದೆಯೇ ಎಂದು ಮನೆಯಲ್ಲೇ ನೋಡಬಹುದು. ಬ್ಯಾಟರಿ 30 ಶೇಕಡಾ ಇರುವಾಗ ಚಾರ್ಜಿಗೆ ಇಟ್ಟು, ಪರದೆ ಆರಿಸಿ, ಅರ್ಧ ಗಂಟೆ ಮುಟ್ಟದೆ ಬಿಡಿ. 40ರ ಆಸುಪಾಸು ಬಂದರೆ 1 ಆಂಪಿಯರ್ ಪೂರ್ತಿ ಬರುತ್ತಿದೆ. 35 ಮಾತ್ರ ಆಗಿದ್ದರೆ ಅರ್ಧವೇ ಬರುತ್ತಿದೆ. ಅದಕ್ಕೆ ಎರಡು ಕಾರಣ ಇರಬಹುದು. ಅಡಾಪ್ಟರ್ ಮುದಿಯಾಗಿ ಶಕ್ತಿ ಕುಂದಿರಬಹುದು. ಇಲ್ಲವೇ ಅದು ತಾನು ಚಾರ್ಜರ್ ಎಂದು ಫೋನಿಗೆ ತಿಳಿಸುತ್ತಿಲ್ಲ. ಸರಿಯಾದ ಅಡಾಪ್ಟರಿನಲ್ಲಿ ನಡುವಿನ ಎರಡು ಡೇಟಾ ಸಂಪರ್ಕಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ, ಫೋನ್ ಅದನ್ನು ಕಂಡೇ ಧೈರ್ಯವಾಗಿ ಎಳೆಯುತ್ತದೆ. ಆ ಗುರುತು ಸಿಗದಿದ್ದರೆ ಎದುರಿಗಿರುವುದು ಕಂಪ್ಯೂಟರಿನ ತೂತಿರಬಹುದು ಎಂದುಕೊಂಡು ಅರ್ಧ ಆಂಪಿಯರಿಗೆ ನಿಲ್ಲುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ಅಜ್ಜ ಚಾರ್ಜಿಗೆ ಇಟ್ಟುಕೊಂಡೇ ಯೂಟ್ಯೂಬಿನಲ್ಲಿ ಯಕ್ಷಗಾನ ನೋಡುವವರಾದರೆ ಈ ಲೆಕ್ಕ ತಲೆಕೆಳಗು. ಪರದೆ, ಡೇಟಾ, ಸ್ಪೀಕರ್ ಎಲ್ಲ ಸೇರಿ ಒಂದೂವರೆ ಎರಡು ವಾಟ್ ತಿನ್ನುತ್ತವೆ. ಬಂದ ನಾಲ್ಕರಲ್ಲಿ ಅರ್ಧ ಅಲ್ಲೇ ಖರ್ಚು. ಒಂದು ಪ್ರಸಂಗ ಮುಗಿಯುವಷ್ಟು ಹೊತ್ತಿಗೂ ಫೋನ್ ತುಂಬಿರುವುದಿಲ್ಲ, ಆಗ "ಹೊಸ ಫೋನೇ ಸರಿ ಇಲ್ಲ" ಎಂಬ ತಕರಾರು ಶುರುವಾಗುತ್ತದೆ. ಫೋನ್ ಸರಿ ಇದೆ. ಅಂಥವರಿಗೆ ಹೊಸ ಅಡಾಪ್ಟರ್ ತೆಗೆದುಕೊಡುವುದೇ ದಾರಿ.

ಹಳೆಯದನ್ನೇ ಇಟ್ಟುಕೊಳ್ಳುವ ಮೊದಲು ಅದರ ಆರೋಗ್ಯ ನೋಡಿಕೊಳ್ಳಿ. ಕಡಲ ಬದಿಯ ಮನೆಗಳಲ್ಲಿ ಉಪ್ಪು ಗಾಳಿಗೆ ಅಡಾಪ್ಟರಿನ ಹಿತ್ತಾಳೆ ಕಡ್ಡಿಗಳು ಕಪ್ಪಾಗುತ್ತವೆ, ಯುಎಸ್‌ಬಿ ತೂತಿನ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ. ಕವಚ ಸೀಳಿದ್ದರೆ, ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದ್ದರೆ, ಕಿವಿಗೆ ಹಿಡಿದರೆ ಗುಂಯ್ ಎಂದು ದೊಡ್ಡದಾಗಿ ಕೇಳಿದರೆ, ವಯರ್ ಹಾಕಿದಾಗ ಸಡಿಲವಾಗಿ ಅಲ್ಲಾಡಿದರೆ ಅದನ್ನು ಬಿಡಬೇಕು. ಇದರಲ್ಲಿ ಸೀಳಿದ ಕವಚ ಎಲ್ಲಕ್ಕಿಂತ ಅಪಾಯ. 230 ವೋಲ್ಟಿನ ಭಾಗಕ್ಕೂ ಕೈಗೂ ನಡುವೆ ಇರುವುದು ಆ ಪ್ಲಾಸ್ಟಿಕ್ ಒಂದೇ.

ಹಳೆ ಅಡಾಪ್ಟರ್ ಮತ್ತು ಎ-ಸಿ ವಯರಿನ ಜೋಡಿಯಲ್ಲಿ ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಫೋನ್ ತೆಗೆದ ಮೇಲೂ ವಯರಿನ ತುದಿಯಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಎರಡೂ ಕಡೆ ಸಿ ಇರುವ ಹೊಸ ವ್ಯವಸ್ಥೆ ಹಾಗಲ್ಲ, ಆಚೆ ಫೋನ್ ಇದೆ ಎಂದು ಖಾತರಿಯಾಗುವ ತನಕ ಅಡಾಪ್ಟರ್ ಕರೆಂಟನ್ನೇ ಬಿಡುವುದಿಲ್ಲ. 5 ವೋಲ್ಟಿನಿಂದ ಮನುಷ್ಯರಿಗೆ ಶಾಕ್ ಹೊಡೆಯುವುದಿಲ್ಲ. ಆದರೆ ಆಟಿ ತಿಂಗಳ ಥಂಡಿಯಲ್ಲಿ ಸ್ವಿಚ್ ಹಾಕಿಯೇ ಬಿಟ್ಟ ವಯರಿನ ತುದಿ ಒದ್ದೆ ಮೇಜಿನ ಮೇಲೆ ಬಿದ್ದಿದ್ದರೆ, ತೇವ ಮತ್ತು ಉಪ್ಪಿನ ಜೊತೆ ಸೇರಿ ಆ ವೋಲ್ಟೇಜ್ ಚಿನ್ನದ ಲೇಪವನ್ನು ತಿನ್ನತೊಡಗುತ್ತದೆ. ಪಿನ್ನಿನೊಳಗೆ ಒಂದೆರಡು ಗೆರೆ ಮಾತ್ರ ಕಪ್ಪಾಗಿರುವುದು ಕಂಡರೆ ಕಾರಣ ಇದೇ. ಅಜ್ಜನಿಗೆ ಫೋನ್ ತೆಗೆದ ಕೂಡಲೇ ಸ್ವಿಚ್ ಆಫ್ ಮಾಡುವ ಅಭ್ಯಾಸ ಇದ್ದರೆ ಅದನ್ನು ಉಳಿಸಿಕೊಳ್ಳಲಿ. ಗುಡುಗು ಸಿಡಿಲಿನ ಹೊತ್ತಿಗೆ ಮಾತ್ರ ಸ್ವಿಚ್ ಆಫ್ ಸಾಲದು, ಅಡಾಪ್ಟರನ್ನೇ ಬೋರ್ಡಿನಿಂದ ಕಿತ್ತಿಡಬೇಕು.

ಮಳೆಗಾಲದಲ್ಲಿ ಫೋನ್ ಪರದೆಯ ಮೇಲೆ ನೀರಹನಿಯ ಚಿತ್ರವೋ "Moisture detected" ಎಂಬ ಮಾತೋ ಬಂದು ಚಾರ್ಜ್ ನಿಲ್ಲಬಹುದು. ಇದೂ ಈಗಿನ ಫೋನ್‌ಗಳ ಹೊಸ ಗುಣ, ಹಳೆ ಫೋನಿನಲ್ಲಿ ಅಜ್ಜ ಕಂಡಿರಲಿಕ್ಕಿಲ್ಲ. ವಯರ್ ತೆಗೆದು, ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ಎರಡು ಸಲ ತಟ್ಟಿ, ಫ್ಯಾನಿನಡಿ ಒಂದೆರಡು ಗಂಟೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತರೆ ತೂತಿಗೆ ಹಿಟ್ಟು, ಧೂಳು ಸೇರುವುದೇ ಲಾಭ. ಬಾಯಿಂದ ಊದಿದರೆ ಉಗುಳಿನ ತೇವ ಹೋಗುತ್ತದೆ. ಒಣಗಿದ ಮೇಲೂ ಸಂದೇಶ ಹೋಗದಿದ್ದರೆ ಬೇರೆ ವಯರ್ ಹಾಕಿ ನೋಡಿ, ಒದ್ದೆ ಇರುವುದು ಕೆಲವೊಮ್ಮೆ ಫೋನಲ್ಲ, ಪಿನ್.

ಹೊಸದು ತೆಗೆಯುವುದೇ ಎಂದಾದರೆ ಅಜ್ಜನ ಭಯ ಇನ್ನೊಂದು ಬಗೆಯದು.

"25 ವಾಟ್ ಅಂತ ಬರ್ದಿದ್ದಾರೆ. ಹಳೆಯದು ಐದು. ಐದು ಪಾಲು ಜಾಸ್ತಿ ಕರೆಂಟು ನುಗ್ಗಿ ಫೋನ್ ಸುಟ್ಟು ಹೋಗುದಿಲ್ವಾ?"

"ನುಗ್ಗುದಿಲ್ಲ ಅಜ್ಜ. ಮಾಳಿಗೆ ಮೇಲೆ ಸಾವಿರ ಲೀಟರಿನ ಟ್ಯಾಂಕ್ ಇದ್ರೂ ನಲ್ಲಿ ತಿರುಗಿಸಿದಷ್ಟೇ ನೀರು ಅಲ್ವಾ? ಇಲ್ಲಿ ನಲ್ಲಿ ಇರುದು ಫೋನಿನ ಕೈಯಲ್ಲಿ."

ಇದು ಬರೀ ಸಮಾಧಾನದ ಮಾತಲ್ಲ. ಹೊಸ ಅಡಾಪ್ಟರ್ ಮೊದಲು ಕೊಡುವುದು ಹಳೆಯದರಷ್ಟೇ, 5 ವೋಲ್ಟ್. ಆಮೇಲೆ ಫೋನ್ ಮತ್ತು ಅಡಾಪ್ಟರ್ ನಡುವೆ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ನನ್ನಲ್ಲಿ 5 ಇದೆ, 9 ಇದೆ ಎಂದು ಅಡಾಪ್ಟರ್ ಪಟ್ಟಿ ಕೊಡುತ್ತದೆ, ಫೋನ್ ತನಗೆ ಹಿಡಿಸುವುದನ್ನು ಕೇಳುತ್ತದೆ, ಕೇಳಿದ ಮೇಲೆಯೇ ವೋಲ್ಟೇಜ್ ಏರುತ್ತದೆ. ಪವರ್ ಡೆಲಿವರಿ, ಅಂಗಡಿಯ ಭಾಷೆಯಲ್ಲಿ ಪಿಡಿ, ಎಂದರೆ ಇದೇ. ಬ್ಯಾಟರಿ ತುಂಬುತ್ತ ಬಂದಂತೆ ಫೋನ್ ತಾನೇ ಕಡಿಮೆ ಕೇಳುತ್ತದೆ. ಹಾಗಾಗಿ ಫೋನ್ 18 ವಾಟಿನದಾಗಿದ್ದು ಅಡಾಪ್ಟರ್ 25, 33 ಅಥವಾ ಲ್ಯಾಪ್‌ಟಾಪಿನ 65 ಇದ್ದರೂ ಫೋನ್ ಎಳೆಯುವುದು ತನ್ನ 18 ಮಾತ್ರ.

ಅಂಗಡಿಯಲ್ಲಿ "ಟೈಪ್-ಸಿ ತೂತಿನ 20 ಅಥವಾ 25 ವಾಟ್ ಪಿಡಿ ಅಡಾಪ್ಟರ್, ವಯರ್ ಬೇಡ" ಎಂದು ಕೇಳಿ. ಬಾಕ್ಸಿನಲ್ಲಿ ಬಂದ ವಯರ್ ಇದಕ್ಕೇ ಇರುವುದು, ಕೊನೆಗೂ ಅದಕ್ಕೊಂದು ಕೆಲಸ ಸಿಗುತ್ತದೆ. ಇದರಲ್ಲಿ ಅಜ್ಜನ ಫೋನ್ ಎರಡು ಗಂಟೆಯ ಒಳಗೆ, ಹೊರಗೆ ತುಂಬುತ್ತದೆ. ಫೋನ್ ಬಾಕ್ಸಿನ ಮೇಲೆ 45, 67, 80 ವಾಟ್ ಎಂದೆಲ್ಲ ಬರೆದಿದ್ದರೆ ಅಷ್ಟು ವೇಗ ಸಿಗುವುದು ಸಾಮಾನ್ಯವಾಗಿ ಆ ಕಂಪನಿಯದೇ ಅಡಾಪ್ಟರ್, ವಯರ್ ಎರಡೂ ಇದ್ದಾಗ. ಅಜ್ಜನಿಗೆ ಅದರ ಹಿಂದೆ ಓಡುವ ತುರ್ತು ನನಗಂತೂ ಕಾಣುವುದಿಲ್ಲ. ಹಣ ಕೊಡುವ ಮೊದಲು ಅಡಾಪ್ಟರಿನ ಮೇಲೆ ಬಿಐಎಸ್ ನೋಂದಣಿ ಗುರುತು, ಅದರ ಜೊತೆ R- ಎಂದು ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇದೆಯೇ ನೋಡಿ. ಅಡಾಪ್ಟರಿಗೆ ಇದು ಕಡ್ಡಾಯ. BIS Care ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಅಡಾಪ್ಟರಿನ ಮೇಲೆ ಒಂದು ಹೆಸರು, ಆ್ಯಪಿನಲ್ಲಿ ಯಾವುದೋ ಎಲ್‌ಇಡಿ ಬಲ್ಬಿನ ಕಂಪನಿ ಬಂದರೆ ಗುರುತು ಖೋಟಾ.

ಹೊಸ ವಯರ್ ಹಾಕಿದಾಗ ಪಿನ್ ಪೂರ್ತಿ ಒಳಗೆ ಹೋಗಿ ಟಕ್ ಎಂದು ಕೂರಬೇಕು. ಲೋಹದ ಭಾಗ ಒಂದು ಮಿಲಿಮೀಟರಿನಷ್ಟು ಹೊರಗೆ ಕಾಣುತ್ತಿದ್ದರೆ ಹೊಸ ಫೋನಿನಲ್ಲಿ ಅದು ಕವರಿನ ತಪ್ಪು, ದಪ್ಪ ಕವರಿನ ಅಂಚು ಪಿನ್ನನ್ನು ತಡೆಯುತ್ತದೆ. ಕವರ್ ತೆಗೆದು ಹಾಕಿ ನೋಡಿ. ಆರೆಂಟು ತಿಂಗಳ ಮೇಲೆ ಹಾಗಾದರೆ ಅಂಗಿ ಜೇಬಿನ ನೂಲು, ಧೂಳು ನಾಲಿಗೆಯ ಹಿಂದೆ ಗಟ್ಟಿಯಾಗಿ ಕೂತಿದೆ ಎಂದರ್ಥ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ತೂತಿನ ಗೋಡೆಗುಂಟ ನಡೆಸಿ ಹೊರಗೆಳೆಯಿರಿ. ನಾಲಿಗೆಯನ್ನು ಮುಟ್ಟಬೇಡಿ, ಸೂಜಿ, ಪಿನ್ನು ಯಾವುದೂ ಬೇಡ.

ಹೊಸ ಅಡಾಪ್ಟರ್ ತೆಗೆದ ಮೇಲೂ ಹಳೆಯದು ಚೆನ್ನಾಗಿದ್ದರೆ ಎಸೆಯಬೇಡಿ. ಅಜ್ಜನ ಬಳಿ ಕೀಪ್ಯಾಡ್ ಫೋನೋ, ಸಣ್ಣ ರೇಡಿಯೋ, ಟಾರ್ಚೋ, ಟ್ರಿಮ್ಮರೋ ಇದ್ದು ಅದಕ್ಕೂ ಟೈಪ್-ಸಿ ತೂತು ಇದ್ದರೆ ವಿಚಿತ್ರವೊಂದು ಕಾಣಬಹುದು: ಪಿನ್ ಸರಿಯಾಗಿ ಕೂರುತ್ತದೆ, ಹೊಸ ಅಡಾಪ್ಟರಿನಲ್ಲಿ ಮಾತ್ರ ಚಾರ್ಜೇ ಆಗುವುದಿಲ್ಲ. ಅಗ್ಗದ ಸಾಮಾನುಗಳಲ್ಲಿ "ನಾನಿಲ್ಲಿದ್ದೇನೆ" ಎಂದು ತಿಳಿಸುವ 5.1 ಕಿಲೋ ಓಮ್ ರೆಸಿಸ್ಟರನ್ನು ಹಾಕದೆ ಉಳಿಸುತ್ತಾರೆ. ಅದು ಕಾಣದೆ ಹೊಸ ಅಡಾಪ್ಟರ್ ಕರೆಂಟು ಬಿಡುವುದಿಲ್ಲ, ಪಿನ್ ತಿರುಗಿಸಿ ಹಾಕಿದರೂ ಅಷ್ಟೇ. ಏನನ್ನೂ ಕೇಳದೆ 5 ವೋಲ್ಟ್ ಕೊಡುವ ಅಜ್ಜನ ಹಳೆ ಅಡಾಪ್ಟರಿಗೆ ಎ-ಸಿ ವಯರ್ ಹಾಕಿ ಕೊಟ್ಟರೆ ಅವು ತಕ್ಷಣ ಚಾರ್ಜಾಗುತ್ತವೆ.